ನೂರು ಸಲ ನುಡಿಸಿದರೂ ಗಾಂಧಾರ ಏಕೆ ಕೂರಲಿಲ್ಲ?

"ಅಜ್ಜ, ಹೋದ ಬೇಸಿಗೆ ರಜೆಯಲ್ಲೂ ನೀನು ಇದನ್ನೇ ನುಡಿಸ್ತಿದ್ದೆ. ಆಗಲೂ ಹೀಗೇ ಇತ್ತು."

ಶಂಕರಘಟ್ಟದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಪಿಟೀಲು ಬಾರಿಸುತ್ತಿದ್ದಾಗ ಹನ್ನೊಂದು ವರ್ಷದ ಮೊಮ್ಮಗಳು ಪುಟ್ಟಿ ಹೇಳಿದ ಮಾತಿದು. ಅವಳು ಕುಹಕಕ್ಕೆ ಹೇಳಿದ್ದಲ್ಲ. ಮಕ್ಕಳಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವ ಅಭ್ಯಾಸ. ಆದರೆ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಆಸೆಪಟ್ಟು ಪಿಟೀಲು ಕೊಂಡವನು ನಾನು. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ತಪ್ಪಿಸಿದವನಲ್ಲ. ಸರಳೆ ವರಸೆಯ ಮೊದಲ ಪಾಠವನ್ನು ಎಷ್ಟು ಸಾವಿರ ಸಲ ನುಡಿಸಿದ್ದೇನೋ ಲೆಕ್ಕವಿಲ್ಲ. ಹಾಗಿದ್ದೂ ಒಂದು ವರ್ಷದಲ್ಲಿ ಏನೂ ಬದಲಾಗಿಲ್ಲವೆಂದು ಒಂದು ಮಗುವಿನ ಕಿವಿಗೂ ಗೊತ್ತಾಗಿತ್ತು.

ಮಾರನೆಯ ದಿನ ಇನ್ನೊಂದು ಸಂಗತಿ ಹೊರಬಂತು. ಪುಟ್ಟಿಯೂ ತನ್ನ ಊರಿನಲ್ಲಿ ಮೂರು ವರ್ಷದಿಂದ ಪಿಟೀಲು ಕಲಿಯುತ್ತಿದ್ದಳು. ಜೂನಿಯರ್ ಪರೀಕ್ಷೆಗೆ ಕಟ್ಟಬೇಕಿತ್ತು. "ನಂಗೆ ಮೂರನೇ ಕಾಲ ಬರೋದೇ ಇಲ್ಲ ಅಜ್ಜ. ದಿನಾ ಇಪ್ಪತ್ತು ಸಲ ನುಡಿಸ್ತೀನಿ. ಆದ್ರೂ ಬರಲ್ಲ. ನಂಗೆ ಸಂಗೀತ ಇಲ್ಲ ಅನ್ಸುತ್ತೆ. ಬಿಟ್ಬಿಡ್ತೀನಿ" ಎಂದಳು. ನನಗೆ ಬಾರದೆ ಹೋದರೆ ನಷ್ಟ ದೊಡ್ಡದಲ್ಲ. ಆದರೆ ದಿನಾ ಇಪ್ಪತ್ತು ಸಲ ನುಡಿಸುವ ಮಗು ತನಗೆ ಸಂಗೀತವೇ ಇಲ್ಲ ಎಂದುಕೊಂಡರೆ ಅದು ಸಣ್ಣ ಮಾತಲ್ಲ. ಇಬ್ಬರೂ ಬಸ್ಸು ಹತ್ತಿ ಭದ್ರಾವತಿಗೆ, ನನಗೆ ಪಾಠ ಹೇಳುವ ಮೇಷ್ಟ್ರ ಮನೆಗೆ ಹೋದೆವು.

ತಾಳೆಯಾಗದ ಲೆಕ್ಕ

ಮೇಷ್ಟ್ರು ಇಬ್ಬರ ಕೈಯಲ್ಲೂ ನುಡಿಸಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಾಮಿ, ನೀವು ಬ್ಯಾಂಕಿನಲ್ಲಿದ್ದವರು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು.

ಕಂಪ್ಯೂಟರ್ ಬರುವ ಮೊದಲು ನಾವೆಲ್ಲ ಕೈಯಲ್ಲೇ ಲೆಡ್ಜರ್ ಬರೆದು ಕೂಡಿಸುತ್ತಿದ್ದೆವು. ಹೊಸದಾಗಿ ಸೇರಿದ ಗುಮಾಸ್ತ, ಲೆಕ್ಕ ತಾಳೆಯಾಗದಿದ್ದರೆ ಇಡೀ ಪುಟವನ್ನು ಮೇಲಿಂದ ಕೆಳಗೆ ಮತ್ತೆ ಕೂಡಿಸುತ್ತಾನೆ. ಮತ್ತೆ ಅದೇ ತಪ್ಪು ಬರುತ್ತದೆ. ಮೂರನೆಯ ಸಲವೂ ಅದೇ. ಅನುಭವಿ ಹಾಗೆ ಮಾಡುವುದಿಲ್ಲ. ಅವನು ಮೊದಲು ವ್ಯತ್ಯಾಸ ಎಷ್ಟು ಎಂದು ನೋಡುತ್ತಾನೆ. 27 ರೂಪಾಯಿ ವ್ಯತ್ಯಾಸ ಎಂದುಕೊಳ್ಳಿ. ಅದು 9ರಿಂದ ಭಾಗವಾಗುತ್ತದೆ. ಹಾಗಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. 27ನ್ನು 9ರಿಂದ ಭಾಗಿಸಿದರೆ 3. ಅಂದರೆ ಮೂರರ ಅಂತರವಿರುವ ಅಂಕಿಗಳ ಜೋಡಿಯನ್ನು ಹುಡುಕಬೇಕು. 41ನ್ನು 14 ಎಂದು ಬರೆದಿದ್ದರೆ ಸರಿಯಾಗಿ 27 ಕಡಿಮೆ ಬರುತ್ತದೆ. ಹೀಗೆ ಹುಡುಕಿದರೆ ಇಡೀ ಪುಟ ಕೂಡಿಸಬೇಕಿಲ್ಲ, ಐದು ನಿಮಿಷದಲ್ಲಿ ತಪ್ಪು ಸಿಗುತ್ತದೆ.

ನಾನು ಇದನ್ನು ಹೇಳಿದಾಗ ಮೇಷ್ಟ್ರು ನಕ್ಕರು. "ಬ್ಯಾಂಕಿನಲ್ಲಿ ಅಷ್ಟು ಜಾಣರಾಗಿದ್ದವರು ಪಿಟೀಲಿನ ಮುಂದೆ ಯಾಕೆ ಹೊಸ ಗುಮಾಸ್ತರಾದಿರಿ? ತಾಳೆಯಾಗದ ಪುಟವನ್ನು ವರ್ಷವಿಡೀ ಕೂಡಿಸುತ್ತಾ ಕೂತಿದ್ದೀರಲ್ಲ!"

ಬರಿಯ ಪುನರಾವರ್ತನೆಗೂ ಗುರಿಯಿಟ್ಟು ಮಾಡುವ ಅಭ್ಯಾಸಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಮಾತಿನಿಂದ. ಮೊದಲಿನದರಲ್ಲಿ ಇಡೀ ಪಾಠವನ್ನು ಮತ್ತೆ ಮತ್ತೆ ನುಡಿಸುತ್ತೇವೆ; ಸರಿಯಾದದ್ದೂ ಗಟ್ಟಿಯಾಗುತ್ತದೆ, ತಪ್ಪೂ ಗಟ್ಟಿಯಾಗುತ್ತದೆ. ಎರಡನೆಯದರಲ್ಲಿ ತಪ್ಪು ಎಲ್ಲಿದೆ, ಯಾಕಿದೆ ಎಂದು ಮೊದಲು ಹುಡುಕಿ, ಅಷ್ಟನ್ನೇ ಎತ್ತಿಕೊಂಡು ತಿದ್ದುತ್ತೇವೆ.

ಪಾಠದೊಳಗೇ ಇರುವ ಜಾಣ್ಮೆ

ತಿದ್ದಿದ್ದು ಹೇಗೆ ಎನ್ನುವ ಮೊದಲು ಆ ಪಾಠದ ಬಗ್ಗೆ ಎರಡು ಮಾತು. ಸಂಗೀತ ಕಲಿಯುವ ಮಕ್ಕಳೆಲ್ಲ ಮೊದಲು ಹಾಡುವ ಸರಳೆ, ಜಂಟಿ, ದಾಟು ವರಸೆ, ಅಲಂಕಾರಗಳ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ನಮ್ಮ ಸಂಪ್ರದಾಯದ ನಂಬಿಕೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕ್ಷೇಮಪುರವೇ ಅವರ ಹುಟ್ಟೂರು ಎನ್ನುವ ವಿದ್ವಾಂಸರೂ ಇದ್ದಾರೆ. ಈ ಪಾಠಗಳು ಮಾಯಾಮಾಳವಗೌಳ ರಾಗದಲ್ಲಿವೆ. ಮನೆಯಲ್ಲಿ ಹಾರ್ಮೋನಿಯಮ್ಮೋ ಮಕ್ಕಳ ಕೀಬೋರ್ಡೋ ಇದ್ದರೆ ಈ ರಾಗವನ್ನು ಕಣ್ಣಲ್ಲೇ ನೋಡಬಹುದು. ಯಾವುದಾದರೂ ಮನೆಯನ್ನು ಷಡ್ಜ ಎಂದಿಟ್ಟುಕೊಳ್ಳಿ. ಕಪ್ಪು ಬಿಳಿ ಎರಡನ್ನೂ ಎಣಿಸುತ್ತಾ ಹೋದರೆ ಅದರ ಪಕ್ಕದ ಮನೆಯೇ ರಿಷಭ. ಅಲ್ಲಿಂದ ಎರಡು ಮನೆ ಬಿಟ್ಟು ಮೂರನೆಯದು ಗಾಂಧಾರ. ಅದರ ಪಕ್ಕದ್ದೇ ಮಧ್ಯಮ. ಅಂದರೆ ಒಂದು ಸಣ್ಣ ಹೆಜ್ಜೆ, ಒಂದು ದೊಡ್ಡ ದಾಪು, ಮತ್ತೊಂದು ಸಣ್ಣ ಹೆಜ್ಜೆ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ನಡಿಗೆ: ಪ ದ ಪಕ್ಕಪಕ್ಕ, ದ ನಿ ನಡುವೆ ದಾಪು, ನಿ ಸ ಪಕ್ಕಪಕ್ಕ.

ಪಿಟೀಲಿನಲ್ಲಿ ಇದರ ಅನುಕೂಲ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ಪದ್ಧತಿಯಲ್ಲಿ ಒಂದು ತಂತಿಯನ್ನು ಷಡ್ಜಕ್ಕೆ, ಅದರ ಪಕ್ಕದ ಸಣ್ಣ ತಂತಿಯನ್ನು ಪಂಚಮಕ್ಕೆ ಶ್ರುತಿ ಮಾಡಿರುತ್ತೇವೆ. ಷಡ್ಜದ ತಂತಿಯಲ್ಲಿ ತೋರುಬೆರಳಿಗೆ ರಿ, ನಡುಬೆರಳಿಗೆ ಗ, ಉಂಗುರ ಬೆರಳಿಗೆ ಮ. ಪಂಚಮದ ತಂತಿಯಲ್ಲಿ ಅದೇ ಬೆರಳುಗಳು ಅದೇ ಜಾಗದಲ್ಲಿ ಕೂತರೆ ದ, ನಿ, ಸ. ಕೈ ಒಂದು ಆಕಾರವನ್ನು ಕಲಿತರೆ ಸಾಕು, ಇಡೀ ಸ್ಥಾಯಿ ಬರುತ್ತದೆ. ಆ ಆಕಾರ ತಪ್ಪಾದರೆ ಎರಡೂ ಕಡೆ ತಪ್ಪಾಗುತ್ತದೆ. ನನ್ನ ವಿಷಯದಲ್ಲಿ ಆಗಿದ್ದೂ ಅದೇ.

ಹತ್ತು ಸಲ ನುಡಿಸಿ, ಹತ್ತು ಸಲ ಕೇಳಿ

ಮೇಷ್ಟ್ರು ಮೊದಲ ವಾರ ನನಗೆ ತಿದ್ದುವ ಕೆಲಸ ಕೊಡಲೇ ಇಲ್ಲ, ಹುಡುಕುವ ಕೆಲಸ ಕೊಟ್ಟರು. ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಾಕಿಕೊಂಡು ಮೊದಲ ಸರಳೆಯನ್ನು ವಿಳಂಬದಲ್ಲಿ ಹತ್ತು ಸಲ ನುಡಿಸಬೇಕು. ಅದನ್ನು ಮೊಮ್ಮಗಳ ಫೋನಿನಲ್ಲಿ ಧ್ವನಿಮುದ್ರಣ ಮಾಡಬೇಕು. ಆಮೇಲೆ ಪಿಟೀಲು ಕೆಳಗಿಟ್ಟು, ಕಾಗದ ಪೆನ್ಸಿಲು ಹಿಡಿದು ಕೇಳಬೇಕು. ಕಾಗದದ ಮೇಲೆ ಸ್ವರಕ್ಕೊಂದು ಕಾಲಮ್ಮು. ಸರಿ ಇದ್ದರೆ ಒಂದು ಗೀಟು, ಸ್ವರ ಕೆಳಗಿದ್ದರೆ ಕೆಳಮುಖ ಬಾಣ, ಮೇಲಿದ್ದರೆ ಮೇಲ್ಮುಖ ಬಾಣ.

ನುಡಿಸುವಾಗ ಕೇಳಿಸದ್ದು ಬರಿದೇ ಕೂತು ಕೇಳಿದಾಗ ಕೇಳಿಸುತ್ತದೆ. ನುಡಿಸುವಾಗ ನಮ್ಮ ಗಮನವೆಲ್ಲ ಬೆರಳು, ಕಮಾನು, ಮುಂದಿನ ಸ್ವರದ ಮೇಲೆ. ನುಡಿಸಬೇಕೆಂದುಕೊಂಡ ಸ್ವರವನ್ನೇ ಕೇಳಿದೆವು ಎಂದು ಮನಸ್ಸು ನಂಬಿಬಿಡುತ್ತದೆ. ನನ್ನ ಕಾಗದದಲ್ಲಿ ಷಡ್ಜ, ರಿಷಭ, ಪಂಚಮಗಳ ಕಾಲಮ್ಮು ಬಹುಪಾಲು ಸ್ವಚ್ಛವಾಗಿತ್ತು. ಗಾಂಧಾರದಲ್ಲಿ ಮಾತ್ರ ಆರೋಹಣದ ಹತ್ತರಲ್ಲಿ ಎಂಟು ಕೆಳಮುಖ ಬಾಣ. ವಿಚಿತ್ರವೆಂದರೆ ಅವರೋಹಣದಲ್ಲಿ ಅದೇ ಗಾಂಧಾರ ಹತ್ತರಲ್ಲಿ ಏಳು ಸಲ ಸರಿಯಾಗಿತ್ತು.

ಈ ಕಾಗದ ನೋಡಿದ ಕೂಡಲೇ ಮೇಷ್ಟ್ರಿಗೆ ರೋಗ ಗೊತ್ತಾಯಿತು. ಕೆಳಗೆ ಇಳಿಯುವಾಗ ಉಂಗುರ ಬೆರಳು ಆಗಲೇ ಮಧ್ಯಮದ ಮೇಲೆ ಕೂತಿರುತ್ತದೆ. ನಡುಬೆರಳು ಅದಕ್ಕೆ ಒತ್ತಿಕೊಂಡು ಕೂತರೆ ಗಾಂಧಾರ ಸಿಕ್ಕಿತು. ಮೇಲೆ ಹತ್ತುವಾಗ ಹಾಗಲ್ಲ. ತೋರುಬೆರಳು ರಿಷಭದಲ್ಲಿರುವಾಗ ನಡುಬೆರಳು ಅದರಿಂದ ದೂರ ಚಾಚಬೇಕು. ನನ್ನ ಬೆರಳು ಅಷ್ಟು ಚಾಚುತ್ತಿರಲಿಲ್ಲ. ಯಾಕೆಂದರೆ ಹೆಬ್ಬೆರಳಿನಿಂದ ಪಿಟೀಲಿನ ಕುತ್ತಿಗೆಯನ್ನು ನಾನು ಬಿಗಿಯಾಗಿ ಹಿಡಿದಿದ್ದೆ. ನಿಮ್ಮ ಹೆಬ್ಬೆರಳು ತೋರುಬೆರಳುಗಳಿಂದ ಒಂದು ಕೋಲನ್ನು ಗಟ್ಟಿಯಾಗಿ ಅಮುಕಿ ಹಿಡಿದು, ನಡುಬೆರಳನ್ನು ದೂರ ಚಾಚಲು ನೋಡಿ. ಕಷ್ಟ ಗೊತ್ತಾಗುತ್ತದೆ. ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರುವುದರಿಂದ ಭಾರವೆಲ್ಲ ಕಾಲಿನ ಮೇಲಿರುತ್ತದೆ. ಹೆಬ್ಬೆರಳಿಗೆ ಹಿಡಿಯುವ ಕೆಲಸವೇ ಇಲ್ಲ. ನಾನು ಬೀಳುತ್ತದೋ ಏನೋ ಎಂಬ ಭಯಕ್ಕೆ ಹಿಡಿದಿದ್ದೆ.

ಒಂದು ವರ್ಷದ ಮುಕ್ಕಾಲು ಗಂಟೆಗಳೆಲ್ಲ ಆ ಹೆಬ್ಬೆರಳಿಗೆ ಹೋಗಿದ್ದವು.

ಮೂರೇ ಸ್ವರ, ಹತ್ತೇ ನಿಮಿಷ

ಎರಡನೆಯ ವಾರದಿಂದ ಸರಳೆ ಬಂದ್. ಮುಕ್ಕಾಲು ಗಂಟೆಯೂ ಬಂದ್. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ, ಬರೀ ಮೂರು ಸ್ವರ. ಸರಿಯಾಗಿ ಬರುತ್ತಿದ್ದ ದಾರಿಯಿಂದಲೇ ಆರಂಭ. ಮೊದಲು ಮಧ್ಯಮ ಇಟ್ಟು, ಅದಕ್ಕೆ ಒತ್ತಿ ಗಾಂಧಾರ: ಮ ಗ, ಮ ಗ. ಕಿವಿಗೆ ಆ ಗಾಂಧಾರ ಗುರುತಾದ ಮೇಲೆ ಮ ಗ ರಿ ಗ ಮ. ಇಲ್ಲಿ ರಿಷಭದಿಂದ ಗಾಂಧಾರಕ್ಕೆ ಹಿಂತಿರುಗುವುದೇ ಪರೀಕ್ಷೆ. ಅದು ಬಂದ ಮೇಲೆ ರಿ ಗ ಮ. ಕೊನೆಯಲ್ಲಿ ಸ ರಿ ಗ ಮ. ಪ್ರತಿ ಸಲ ಬೆರಳು ಇಡುವ ಮೊದಲು ಹೆಬ್ಬೆರಳನ್ನು ಒಮ್ಮೆ ಸಡಿಲಿಸಿ ನೋಡಿಕೊಳ್ಳಬೇಕು.

ಸರಿಯಾಯಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ? ಇದಕ್ಕೂ ಉಪಾಯವಿದೆ. ಚೆನ್ನಾಗಿ ಶ್ರುತಿ ಕೂಡಿಸಿದ ತಂಬೂರಿಯಲ್ಲಿ, ಯಾರೂ ಮೀಟದಿದ್ದರೂ, ಷಡ್ಜದ ತಂತಿಯ ನಾದದೊಳಗಿಂದ ಒಂದು ಗಾಂಧಾರ ತಾನೇ ಮೇಲೆದ್ದು ಕೇಳಿಸುತ್ತದೆ. ಅದೇ ಅಂತರ ಗಾಂಧಾರ, ನಮಗೆ ಬೇಕಾದದ್ದು. ನಮ್ಮ ಸ್ವರ ಸರಿಯಾದರೆ ಅದರಲ್ಲಿ ಕರಗಿಹೋಗುತ್ತದೆ. ತಪ್ಪಾದರೆ ಎರಡೂ ಬೇರೆ ಬೇರೆಯಾಗಿ ಒರಸಾಡುತ್ತವೆ. ಕೀಬೋರ್ಡಿನ ಗಾಂಧಾರ ಇದಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಹಾಗಾಗಿ ಜಾಗ ತಿಳಿಯಲು ಕೀಬೋರ್ಡು ಸಾಕು, ಕೊನೆಯ ತೀರ್ಪಿಗೆ ತಂಬೂರಿಯೇ ಬೇಕು ಎಂದರು ಮೇಷ್ಟ್ರು. ಮೇಲಿನ ಷಡ್ಜಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ. ಪಂಚಮದ ತಂತಿಯಲ್ಲಿ ಉಂಗುರ ಬೆರಳು ಇಟ್ಟು, ಪಕ್ಕದ ಷಡ್ಜದ ತಂತಿಯನ್ನು ಖಾಲಿ ಬಿಟ್ಟು, ಕಮಾನಿನಿಂದ ಎರಡನ್ನೂ ಒಟ್ಟಿಗೆ ಎಳೆಯಬೇಕು. ಸರಿಯಿದ್ದರೆ ಒಂದೇ ನಾದದಂತೆ ಕೇಳುತ್ತದೆ. ತಪ್ಪಿದ್ದರೆ ಅಲೆ ಅಲೆಯಾಗಿ ಕಂಪಿಸುತ್ತದೆ.

ಹನ್ನೆರಡನೆಯ ದಿನಕ್ಕೆ ನನ್ನ ಕಾಗದದಲ್ಲಿ ಗಾಂಧಾರ ಹತ್ತರಲ್ಲಿ ಏಳು. ಆದರೆ ಪೂರ್ತಿ ಸರಳೆಗೆ ಹಿಂತಿರುಗಿದ ದಿನ ಮತ್ತೆ ನಾಲ್ಕಕ್ಕೆ ಇಳಿಯಿತು. ನನಗೆ ನಿರಾಶೆಯಾಯಿತು. ಹೀಗಾಗುವುದು ಸಹಜವಂತೆ. ಒಂಟಿಯಾಗಿ ಬರುವ ಸ್ವರ ಸಾಲಿನಲ್ಲಿ ನಿಂತಾಗ ತಪ್ಪುತ್ತದೆ, ಏಕೆಂದರೆ ಈಗ ಯೋಚಿಸಲು ಅಷ್ಟು ಹೊತ್ತಿಲ್ಲ. ಆಗ ವೇಗ ಇಳಿಸಬೇಕೇ ಹೊರತು ಸಲಗಳನ್ನು ಹೆಚ್ಚಿಸಬಾರದು. ನಿಮಿಷಕ್ಕೆ 60 ಸ್ವರದ ಬದಲು 40ಕ್ಕೆ ಬಂದೆ. ಮೂರು ಸಲ ಸತತವಾಗಿ ಸರಿಬಂದರೆ ಒಂದು ಮೆಟ್ಟಿಲು ಮೇಲೆ, ಎರಡು ಸಲ ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಹಾಗೆ ಹತ್ತಿಳಿಯುತ್ತಾ ಮತ್ತೆ 60ಕ್ಕೆ ಬರಲು ಮೂರು ವಾರ ಹಿಡಿಯಿತು.

ಪುಟ್ಟಿಯ ಎರಡು ಸೆಕೆಂಡು

ಪುಟ್ಟಿಯ ತೊಂದರೆ ಬೇರೆ. ಅವಳ ಸ್ವರಸ್ಥಾನ ನನಗಿಂತ ಚೆನ್ನ. ಅವಳ ಲೆಕ್ಕ ಹಿಡಿದದ್ದು ನಾನು, ಕೈಗಡಿಯಾರದಿಂದ. ಮೊದಲ ಸರಳೆಯಲ್ಲಿ ಹತ್ತುವಾಗ ಎಂಟು, ಇಳಿಯುವಾಗ ಎಂಟು, ಒಟ್ಟು 16 ಸ್ವರ. ತಾಳದ ಒಂದು ಎಣಿಕೆ ಒಂದು ಸೆಕೆಂಡು ಎಂದಿಟ್ಟುಕೊಂಡರೆ ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, 16 ಸೆಕೆಂಡು. ಎರಡನೆಯ ಕಾಲದಲ್ಲಿ ಎಣಿಕೆಗೆ ಎರಡು, 8 ಸೆಕೆಂಡು. ಮೂರನೆಯ ಕಾಲದಲ್ಲಿ ಎಣಿಕೆಗೆ ನಾಲ್ಕು, 4 ಸೆಕೆಂಡು. ಪುಟ್ಟಿಯ ಮೊದಲೆರಡು ಕಾಲ ಸರಿಯಾಗಿದ್ದವು. ಮೂರನೆಯದಕ್ಕೆ 6 ಸೆಕೆಂಡು ಬಂತು. ತಾಳ ಹಾಕುವವಳೂ ಅವಳೇ ಆದ್ದರಿಂದ ಅವಳ ಕಾಲು ಸದ್ದಿಲ್ಲದೆ ನಿಧಾನವಾಗಿ ಸ್ವರಕ್ಕೆ ಹೊಂದಿಕೊಳ್ಳುತ್ತಿತ್ತು. ತರಗತಿಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ನುಡಿಸುವುದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ.

ಹೆಚ್ಚಾದ ಎರಡು ಸೆಕೆಂಡು ಎಲ್ಲಿ ಹೋಯಿತು? 16 ಸ್ವರಕ್ಕೂ ಸಮನಾಗಿ ಹಂಚಿಹೋಗಿರಲಿಲ್ಲ. ಧ್ವನಿಮುದ್ರಣ ಕೇಳಿದರೆ ಎರಡೇ ಕಡೆ ತಡೆ: ಹತ್ತುವಾಗ ಮ ಪ ನಡುವೆ, ಇಳಿಯುವಾಗ ಪ ಮ ನಡುವೆ. ಎರಡೂ ಕಡೆ ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವ ಜಾಗ. ಪುಟ್ಟಿ ಪ್ರತಿ ಸಲ ಕಮಾನನ್ನು ಮೇಲಕ್ಕೆತ್ತಿ, ಇಡೀ ತೋಳನ್ನು ಸರಿಸಿ, ಮತ್ತೆ ಇಡುತ್ತಿದ್ದಳು. ವಿಳಂಬದಲ್ಲಿ ಅದಕ್ಕೆ ಸಮಯವಿತ್ತು, ವೇಗದಲ್ಲಿ ಇರಲಿಲ್ಲ. ಅವಳು ಇಪ್ಪತ್ತು ಸಲ ನುಡಿಸಿದಾಗ ಆ ಎತ್ತುವಿಕೆಯನ್ನು ನಲವತ್ತು ಸಲ ಅಭ್ಯಾಸ ಮಾಡಿದಂತಾಗುತ್ತಿತ್ತು!

ಮೇಷ್ಟ್ರು ಅವಳ ಎಡಗೈಗೆ ರಜೆ ಕೊಟ್ಟರು. ಬರೀ ಖಾಲಿ ತಂತಿ. ಷಡ್ಜ ನಾಲ್ಕು ಸಲ, ಪಂಚಮ ನಾಲ್ಕು ಸಲ. ಕಮಾನು ತಂತಿ ಬಿಡಬಾರದು. ಮಣಿಕಟ್ಟು ಸ್ವಲ್ಪ ವಾಲಿಸಿದರೆ ಸಾಕು, ಅದು ಪಕ್ಕದ ತಂತಿಗೆ ಉರುಳುತ್ತದೆ. ಆಮೇಲೆ ಎರಡೆರಡು, ಆಮೇಲೆ ಒಂದೊಂದು. ಅದಾದ ಮೇಲೆ ಎಡಗೈ ಸೇರಿಸಿ ಮ ಪ ಮ ಪ. ನಂತರ ಗ ಮ ಪ ದ. ಹೀಗೆ ತಪ್ಪಿನ ಜಾಗವನ್ನು ನಡುವೆ ಇಟ್ಟುಕೊಂಡು ಎರಡೂ ಕಡೆ ಒಂದೊಂದು ಸ್ವರ ಬೆಳೆಸುವುದು. ಇಪ್ಪತ್ತರ ಲೆಕ್ಕವನ್ನೂ ತೆಗೆದುಹಾಕಿದರು. ಇಪ್ಪತ್ತು ಸಲ ಎಂದರೆ ಮಗುವಿನ ಗಮನ ಇಪ್ಪತ್ತನ್ನು ಮುಗಿಸುವುದರ ಮೇಲಿರುತ್ತದೆ. ಅದರ ಬದಲು "ಮೂರು ಸಲ ಸತತವಾಗಿ ತಡೆಯಿಲ್ಲದೆ ಬಂದರೆ ಆಟಕ್ಕೆ ಹೋಗು" ಎಂದರು. ಮೊದಲ ದಿನ ಅವಳಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು, ಅಳುವೂ ಬಂತು. ಮಾರನೆಯ ದಿನ ಎರಡು ಸಲಕ್ಕೆ ಇಳಿಸಿದೆವು. ಗುರಿ ಕೈಗೆ ಸ್ವಲ್ಪವೇ ಎಟುಕದಂತಿರಬೇಕು, ಆಕಾಶದಲ್ಲಿರಬಾರದು.

ರಜೆ ಮುಗಿಯುವ ಹೊತ್ತಿಗೆ 6 ಸೆಕೆಂಡು ನಾಲ್ಕೂವರೆಗೆ ಬಂದಿತ್ತು.

ಬರ್ಲಿನ್ನಿನಲ್ಲಿ ಕಂಡದ್ದು

ಇದನ್ನು ವಿಜ್ಞಾನಿಗಳೂ ನೋಡಿದ್ದಾರೆ, ಅದೂ ಪಿಟೀಲು ವಾದಕರಲ್ಲೇ. ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ಜೊತೆಗಾರರೊಂದಿಗೆ ಬರ್ಲಿನ್ನಿನಲ್ಲಿ ಸಂಗೀತ ಕಲಿಯುತ್ತಿದ್ದ ಯುವಕ ಯುವತಿಯರನ್ನು ಮೂರು ಗುಂಪು ಮಾಡಿ ಅಧ್ಯಯನ ನಡೆಸಿ 1993ರಲ್ಲಿ ಪ್ರಕಟಿಸಿದರು. ಹದಿನೆಂಟನೆಯ ವಯಸ್ಸಿನೊಳಗೆ ಒಬ್ಬರೇ ಕೂತು ಮಾಡಿದ ಸಾಧಕ, ಅತ್ಯುತ್ತಮರಲ್ಲಿ ಸರಾಸರಿ 7,400 ಗಂಟೆ, ಸಂಗೀತ ಶಿಕ್ಷಕರಾಗಲು ಹೊರಟವರಲ್ಲಿ 3,400 ಗಂಟೆ. ಅತ್ಯುತ್ತಮರು ಬಿಡದೆ ನುಡಿಸುತ್ತಿರಲಿಲ್ಲ. ನಡುವೆ ವಿರಾಮ ಕೊಡುತ್ತಿದ್ದರು, ಮಧ್ಯಾಹ್ನ ಸಣ್ಣ ನಿದ್ದೆ ಮಾಡುತ್ತಿದ್ದರು. ಮನಸ್ಸಿಟ್ಟು ತಪ್ಪು ಹುಡುಕುವುದು ದಣಿವಿನ ಕೆಲಸ.

ಈ ಅಧ್ಯಯನದಿಂದಲೇ "ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರೂ ಪ್ರವೀಣರಾಗಬಹುದು" ಎಂಬ ಮಾತು ಹುಟ್ಟಿ ಜನಪ್ರಿಯವಾಯಿತು. ಎರಿಕ್ಸನ್ ಅದನ್ನು ಒಪ್ಪಲಿಲ್ಲ. ಅದು ಬರೀ ಸರಾಸರಿ, ಗಂಟೆಗಳಿಗಿಂತ ಆ ಗಂಟೆಗಳಲ್ಲಿ ಏನು ಮಾಡಿದಿರಿ ಎಂಬುದು ಮುಖ್ಯ ಎಂದರು. 2019ರಲ್ಲಿ ಬೇರೆ ಸಂಶೋಧಕರು ಅದೇ ಬಗೆಯ ಅಧ್ಯಯನವನ್ನು ಮತ್ತೆ ಮಾಡಿದಾಗ, ಅತ್ಯುತ್ತಮರಿಗೂ ಉತ್ತಮರಿಗೂ ಗಂಟೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅಭ್ಯಾಸ ಎಲ್ಲವನ್ನೂ ಕೊಡುವುದಿಲ್ಲ, ಗಂಟೆ ಎಣಿಸುವುದಂತೂ ಖಂಡಿತ ಕೊಡುವುದಿಲ್ಲ.

ಇನ್ನೊಂದು ಎಚ್ಚರ. ತಪ್ಪು ಹುಡುಕುವ ಕಿವಿಯನ್ನು ಸಾಧಕದ ಹೊತ್ತಿನಲ್ಲಿ ಮಾತ್ರ ತೆರೆದಿಡಬೇಕು. ನಾಲ್ಕು ಜನರ ಮುಂದೆ ನುಡಿಸುವಾಗಲೂ ಹೆಬ್ಬೆರಳನ್ನೇ ಯೋಚಿಸುತ್ತಿದ್ದರೆ ಬರುತ್ತಿದ್ದ ಸ್ವರವೂ ತಪ್ಪುತ್ತದೆ. ಅದಕ್ಕೇ ಮೇಷ್ಟ್ರು ದಿನದ ಕೊನೆಗೆ ಐದು ನಿಮಿಷ ಮೀಸಲಿಟ್ಟಿದ್ದರು. ಆಗ ಇಷ್ಟವಾದದ್ದನ್ನು, ತಪ್ಪೋ ಒಪ್ಪೋ, ನಿಲ್ಲಿಸದೆ ನುಡಿಸಬೇಕು.

ನನಗೆ ಮೂರನೆಯ ಕಾಲ ಇವತ್ತಿಗೂ ಬಂದಿಲ್ಲ. ಎಪ್ಪತ್ತು ದಾಟಿದ ಬೆರಳಿಗೆ ಅದು ಬರುವುದೂ ಇಲ್ಲವೇನೋ. ಪುಟ್ಟಿ ಪಿಟೀಲು ಬಿಡಲಿಲ್ಲ. ಪರೀಕ್ಷೆಗೆ ಕೂತಳು, ಪಾಸಾದಳು. ಈ ಸಲ ರಜೆಗೆ ಬಂದವಳು ಜಗಲಿಯ ಕಂಬಕ್ಕೆ ಒರಗಿ, ನಾನು ಮೊದಲ ಸರಳೆ ಮುಗಿಸುವವರೆಗೂ ಕಣ್ಣು ಮುಚ್ಚಿ ಕೇಳಿದಳು. ನನಗೆ ಬ್ಯಾಂಕಿನ ಇನ್‌ಸ್ಪೆಕ್ಷನ್ ದಿನ ನೆನಪಾಯಿತು.

"ಗ ಸರಿಯಾಗಿದೆ ಅಜ್ಜ" ಎಂದಳು. ಆಮೇಲೆ ಒಳಗೆ ಹೋಗಿ ಕಾಗದ ಪೆನ್ಸಿಲು ತಂದಳು. "ಈಗ ಅದನ್ನೇ ಹತ್ತು ಸಲ ನುಡಿಸು. ನಿ ಒಂಚೂರು ಕೆಳಗಿದ್ದ ಹಾಗಿದೆ. ನಾನು ಬರ್ಕೋತೀನಿ."